ನಮ್ಮ ಐಡಿಯಾ ಬೇರೆಯವರ ಪ್ರಿಪ್ರಿಂಟ್‌ನಲ್ಲಿ ಮೊದಲೇ ಬಂದಿದೆ: ಯಾರನ್ನೂ ದೂರದೆ ನಮ್ಮ ತಾರೀಖು ತೋರಿಸೋದು ಹೇಗೆ?

ನೋಡ್_ಪಯಣಿಗ

ಗ್ರಾಫ್ ಅಲ್ಗಾರಿದಂ ಗೊತ್ತಿರೋರು, ಪೇಪರ್ ರಿವ್ಯೂ ಅಥವಾ ಎಡಿಟಿಂಗ್ ಮಾಡಿರೋರು ದಯವಿಟ್ಟು ಸಲಹೆ ಕೊಡಿ.

ಪರ್ಸನಲೈಸ್ಡ್ ಪೇಜ್‌ರ್ಯಾಂಕ್‌ನಲ್ಲಿ ರ್ಯಾಂಡಮ್ ವಾಕ್ ಯಾವ ನೋಡ್‌ನಲ್ಲಿದ್ದರೂ ಒಂದೇ ಸಂಭಾವ್ಯತೆ α ಪ್ರಕಾರ ಶುರುವಿನ ಜಾಗಕ್ಕೆ ವಾಪಸ್ ಹೋಗುತ್ತೆ. ನಾವು ಅದನ್ನ ನೋಡ್‌ನ ಡಿಗ್ರಿಗೆ ತಕ್ಕಂತೆ ಬದಲಾಯಿಸಿದ್ದೀವಿ: ನೋಡ್ u ನಲ್ಲಿ α_u = c/d(u). ಆಮೇಲೆ 2006ರ ಪುಶ್ ಅಲ್ಗಾರಿದಂ (ಆಂಡರ್ಸನ್, ಚಂಗ್, ಲ್ಯಾಂಗ್) ಇದಕ್ಕೂ ನಡೆಯೋ ಹಾಗೆ ಮಾಡಿ, ಒಟ್ಟು ಎಷ್ಟು ಪುಶ್ ಆಗಬಹುದು ಅನ್ನೋದಕ್ಕೆ ಒಂದು ಮಿತಿ ಸಾಧಿಸಿದ್ದೀವಿ. ಪೇಪರ್ ಜೂನ್ ಕೊನೆಗೆ ಸಬ್ಮಿಟ್ ಆಗಬೇಕು.

ಈಗ ಹುಡುಕುವಾಗ ಒಂದು ಪ್ರಿಪ್ರಿಂಟ್ ಸಿಕ್ತು, ಮೊದಲ ಆವೃತ್ತಿ ಮಾರ್ಚ್‌ನದು. ಅದೇ c/d(u), ಅದೇ ಪುಶ್. ಆ ಲೇಖಕರ ಪರಿಚಯ ನಮಗಿಲ್ಲ, ನಮ್ಮ ಪರಿಚಯ ಅವರಿಗೂ ಇರೋದಕ್ಕೆ ಕಾರಣ ಇಲ್ಲ.

ನಮ್ಮ ಕೈಲಿರೋದು: ಹೋದ ಸೆಪ್ಟೆಂಬರ್‌ನ ಗಿಟ್ ಕಮಿಟ್, ಅಕ್ಟೋಬರ್‌ನಲ್ಲಿ ಲ್ಯಾಬ್ ಗುಂಪಿಗೆ ಮೇಲ್ ಮಾಡಿದ ಸ್ಲೈಡ್, ಡಿಸೆಂಬರ್‌ನಲ್ಲಿ ಒಂದು ವರ್ಕ್‌ಶಾಪ್‌ಗೆ ಕಳಿಸಿದ ಎರಡು ಪುಟದ ಸಾರಾಂಶ (ಅದು ಆಯ್ಕೆ ಆಗಲಿಲ್ಲ). ಗೈಡ್ ಡ್ರಾಫ್ಟ್‌ನಲ್ಲಿ ಹೀಗೆ ಸೇರಿಸಿದ್ದಾರೆ: "ನಮ್ಮ ವಿಧಾನವು ಸದರಿ ಪ್ರಿಪ್ರಿಂಟ್‌ಗಿಂತ ಆರು ತಿಂಗಳು ಹಳೆಯದು ಎಂಬುದನ್ನು ಗಮನಿಸಬೇಕು." ಓದಿದರೆ ಬೆರಳು ತೋರಿಸಿದ ಹಾಗೆ ಕಾಣುತ್ತೆ. ಬಿಟ್ಟರೆ ನಾವೇ ಅವರದನ್ನ ನೋಡಿ ಬರೆದ ಹಾಗಾಗುತ್ತೆ. ಏನು ಮಾಡೋದು?

ನೇರನುಡಿ

ಡಿಸೆಂಬರ್‌ನಲ್ಲಿ ವರ್ಕ್‌ಶಾಪ್‌ಗೆ ಕಳಿಸಿದ್ರಿ, ಮಾರ್ಚ್‌ನಲ್ಲಿ ಅವರ ಪ್ರಿಪ್ರಿಂಟ್ ಬಂತು. ಇನ್ನೇನು ಬೇಕು? ರಿವ್ಯೂವರ್ ಕೈಯಿಂದ ಸೋರಿದೆ. ಆ ಲೇಖಕರ ಸಂಸ್ಥೆಯ ನೈತಿಕ ಸಮಿತಿಗೆ ದೂರು ಕೊಡಿ.

ನೋಡ್_ಪಯಣಿಗ

ಇಲ್ಲ ಸರ್, ನನ್ನ ಪ್ರಶ್ನೆ ಅದಲ್ಲ. ಅವರು ನೋಡಿದ್ದಾರೆ ಅಂತ ನಾವು ಅಂದುಕೊಂಡೇ ಇಲ್ಲ. ನಾವು ಅವರದನ್ನ ನೋಡಿಲ್ಲ ಅನ್ನೋದು ಓದುಗರಿಗೆ ಗೊತ್ತಾಗಬೇಕು, ಅಷ್ಟೇ.

ಹಳೇ_ಸಂಪಾದಕ

@ನೇರನುಡಿ ಮೂರು ತಿಂಗಳಲ್ಲಿ ಬೇರೆಯವರ ಎರಡು ಪುಟ ಓದಿ, ಪ್ರಯೋಗ ಮಾಡಿ, ಪ್ರಮೇಯ ಸಾಧಿಸಿ, ಪೂರ್ತಿ ಪೇಪರ್ ಬರೆದು ಹಾಕಿದರು ಅನ್ನೋದಕ್ಕೆ ತಾರೀಖುಗಳ ಸಾಲು ಸಾಕ್ಷಿಯಲ್ಲ. ಅಂಥ ದೂರಿಗೆ ಬೇಕಾಗೋದು ಬೇರೆ: ನಮ್ಮದೇ ವಿಚಿತ್ರ ಚಿಹ್ನೆ, ನಮ್ಮದೇ ತಪ್ಪು ಅವರ ಪಠ್ಯದಲ್ಲಿ ಹಾಗೇ ಕಾಣಿಸಿಕೊಳ್ಳಬೇಕು. ಇಲ್ಲಿ ಅಂಥದ್ದೇನೂ ಇಲ್ಲ.

ಮೂಲ ಪ್ರಶ್ನೆಗೆ ಬರ್ತೀನಿ. ಇಲ್ಲಿ ಎರಡು ವಿಷಯ ಕಲೆತುಹೋಗಿವೆ. ಮೊದಲು ಯಾರು ಅನ್ನೋದು ಒಂದು. ಸ್ವತಂತ್ರವಾಗಿ ಕಂಡುಕೊಂಡಿರಾ ಅನ್ನೋದು ಇನ್ನೊಂದು. ಮೊದಲನೆಯದನ್ನ ಸಂಶೋಧನಾ ಲೋಕ ತೀರ್ಮಾನ ಮಾಡೋದು ಎಲ್ಲರ ಕೈಗೂ ಸಿಗುವಂತೆ ಹೊರಬಿದ್ದ ದಿನದಿಂದ. ಆ ಲೆಕ್ಕದಲ್ಲಿ ಅವರು ಮಾರ್ಚ್, ನೀವು ಇನ್ನೂ ಇಲ್ಲ. ಅದನ್ನ ಒಪ್ಪಿಕೊಂಡೇ ಬರೀಬೇಕು. ಎರಡನೆಯದಕ್ಕೆ ನಿಮ್ಮ ಖಾಸಗಿ ದಾಖಲೆ ಕೆಲಸಕ್ಕೆ ಬರುತ್ತೆ. ಮಾರ್ಚ್‌ಗಿಂತ ಮುಂಚೆಯೇ ನಿಮ್ಮ ಹತ್ತಿರ ಇತ್ತು ಅಂತಾದರೆ ಅವರಿಂದ ತಗೊಂಡಿಲ್ಲ ಅನ್ನೋದು ತಾನಾಗೇ ನಿಲ್ಲುತ್ತೆ. ಅಲ್ಲಿಗೆ ನಿಮ್ಮ ಸಾಕ್ಷಿಯ ಕೆಲಸ ಮುಗೀತು.

ನಿಮ್ಮ ಗೈಡ್ ವಾಕ್ಯದ ತೊಂದರೆ ಧಾಟಿಯಲ್ಲಷ್ಟೇ ಇಲ್ಲ, ಲೆಕ್ಕದಲ್ಲೂ ಇದೆ. ನಿಮ್ಮ ಖಾಸಗಿ ತಾರೀಖನ್ನ ಅವರ ಸಾರ್ವಜನಿಕ ತಾರೀಖಿನ ಜೊತೆ ಹೋಲಿಸಿದೆ. ಅವರ ನೋಟ್‌ಬುಕ್‌ನಲ್ಲಿ ಇದು ಎರಡು ವರ್ಷದಿಂದ ಇದ್ದಿರಬಹುದು. ಖಾಸಗಿಗೆ ಖಾಸಗಿ, ಸಾರ್ವಜನಿಕಕ್ಕೆ ಸಾರ್ವಜನಿಕ. ಅವರ ಖಾಸಗಿ ತಾರೀಖು ನಿಮಗೆ ಸಿಗಲ್ಲ, ಹಾಗಾಗಿ "ಆರು ತಿಂಗಳು ಹಳೆಯದು" ಅನ್ನೋ ಮಾತಿಗೆ ಆಧಾರ ಇಲ್ಲ.

ಹೀಗೆ ಬರೆಯಬಹುದು: "ಈ ಕೆಲಸ ನಡೆಯುತ್ತಿದ್ದಾಗ, ನಮಗೆ ತಿಳಿಯದಂತೆ, ಇದೇ ರೀಸ್ಟಾರ್ಟ್ ನಿಯಮವನ್ನು ಇಂಥವರು ಮಾರ್ಚ್‌ನಲ್ಲಿ ಪ್ರಕಟಿಸಿದ್ದಾರೆ. ಎರಡೂ ಕೆಲಸಗಳು ಪರಸ್ಪರ ಸ್ವತಂತ್ರವಾಗಿ ನಡೆದಿವೆ. ಅವರು ಇದನ್ನು ಸಾಧಿಸಿದ್ದಾರೆ, ನಾವು ಇದನ್ನು. ಎರಡೂ ಸೇರುವ ಜಾಗ ಇದು." ಕೊನೆಯ ವಾಕ್ಯವೇ ಮುಖ್ಯ. ರಿವ್ಯೂವರ್ ಓದೋದು ಅದನ್ನ.

ಮೊಹರು

ಇಷ್ಟೆಲ್ಲ ಯಾಕೆ? ಇಡೀ ಫೋಲ್ಡರ್‌ನ ಹ್ಯಾಶ್ ತೆಗೆದು ಓಪನ್‌ಟೈಮ್‌ಸ್ಟ್ಯಾಂಪ್ಸ್‌ಗೆ ಹಾಕಿ. ಬಿಟ್‌ಕಾಯಿನ್ ಬ್ಲಾಕ್‌ನಲ್ಲಿ ಕೂತ ಮೇಲೆ ಯಾರೂ ಅಲ್ಲಾಡಿಸೋಕೆ ಆಗಲ್ಲ. ಗಿಟ್ ಇತಿಹಾಸ ಬೇರೆ ಇದೆ, ಅದರಲ್ಲಿ ತಾರೀಖು ಇದ್ದೇ ಇರುತ್ತೆ. ಎರಡೂ ಸೇರಿದರೆ ಗಟ್ಟಿ ಸಾಕ್ಷಿ.

ಕಮಿಟ್_ಕಾವಲು

@ಮೊಹರು ಅರ್ಧ ಸರಿ. ಓಪನ್‌ಟೈಮ್‌ಸ್ಟ್ಯಾಂಪ್ಸ್ ಹೇಳೋದು "ಈ ಫೈಲ್ ಇಂಥ ದಿನಕ್ಕಿಂತ ತಡವಾಗಿ ಹುಟ್ಟಿದ್ದಲ್ಲ" ಅಂತ ಮಾತ್ರ. ಇವತ್ತು ಹಾಕಿದರೆ ಇವತ್ತಿನ ದಿನ ಸಾಬೀತಾಗುತ್ತೆ. ಹೋದ ಸೆಪ್ಟೆಂಬರ್‌ಗೆ ಅದು ಹಿಂದಕ್ಕೆ ಹೋಗಲ್ಲ. ಮುಂದಿನ ಪೇಪರ್‌ಗೆ ಒಳ್ಳೇ ಅಭ್ಯಾಸ, ಈ ಪೇಪರ್‌ನ ಹಳೇ ತಾರೀಖಿಗೆ ಉಪಯೋಗ ಇಲ್ಲ.

ಗಿಟ್ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಕಮಿಟ್‌ನಲ್ಲಿ ಎರಡು ತಾರೀಖು ಇರುತ್ತೆ, ಎರಡನ್ನೂ ನೋಡಿ:

```
git log --format='%h | %ad | %cd | %s' --date=iso -- src/walk.py
```

`%ad` ಬರೆದ ದಿನ, `%cd` ಕಮಿಟ್ ಆದ ದಿನ. ನಡುವೆ ರೀಬೇಸ್ ಮಾಡಿದ್ದರೆ ಮೊದಲನೆಯದು ಸೆಪ್ಟೆಂಬರ್ ಅಂತಲೇ ಉಳಿದು ಎರಡನೆಯದು ಏಪ್ರಿಲ್ ಆಗಿರುತ್ತೆ. ಅದನ್ನ ನೋಡಿದ ಯಾರಿಗಾದರೂ ಅನುಮಾನ ಬರುತ್ತೆ, ನೀವು ಏನೂ ಮಾಡದಿದ್ದರೂ. ಅದಕ್ಕಿಂತ ದೊಡ್ಡ ಸಂಗತಿ ಅಂದ್ರೆ ಈ ಎರಡೂ ನಿಮ್ಮ ಕಂಪ್ಯೂಟರ್ ಗಡಿಯಾರದಿಂದ ಬರೋದು. `GIT_AUTHOR_DATE`, `GIT_COMMITTER_DATE` ಅಂತ ಎರಡು ವೇರಿಯಬಲ್ ಕೊಟ್ಟರೆ ಬೇಕಾದ ತಾರೀಖು ಹಾಕಬಹುದು. ಸಹಿ ಹಾಕಿದ ಕಮಿಟ್ ಆದರೂ ಅಷ್ಟೇ: ಯಾರು ಅನ್ನೋದಕ್ಕೆ ಸಹಿ, ಯಾವಾಗ ಅನ್ನೋದಕ್ಕಲ್ಲ.

ಹಾಗಾಗಿ ಹುಡುಕಬೇಕಾದ್ದು ನಿಮ್ಮ ಕೈಯಲ್ಲಿಲ್ಲದ ಗಡಿಯಾರ. ರಿಪಾಸಿಟರಿ ಬೇರೆಯವರ ಸರ್ವರ್‌ನಲ್ಲಿದ್ದರೆ, ಅಲ್ಲಿನ ಇಷ್ಯೂ, ಪುಲ್ ರಿಕ್ವೆಸ್ಟ್, ಅದರ ಕೆಳಗಿನ ಕಮೆಂಟ್‌ಗಳ ತಾರೀಖು ಸರ್ವರೇ ಹಾಕಿದ್ದು. ಆ ಕಮಿಟ್‌ನ ಹ್ಯಾಶ್ ಸೆಪ್ಟೆಂಬರ್‌ನ ಯಾವುದಾದರೂ ಕಮೆಂಟ್‌ನಲ್ಲಿ ಉಲ್ಲೇಖ ಆಗಿದ್ದರೆ ಒಳ್ಳೇದು. ಹ್ಯಾಶ್ ಆ ಫೈಲ್‌ಗಳಿಗೂ ಅವುಗಳ ಹಿಂದಿನ ಇಡೀ ಇತಿಹಾಸಕ್ಕೂ ಕಟ್ಟಿಕೊಂಡಿರುತ್ತೆ.

ಈಗಲೇ ಮಾಡಬೇಕಾದ್ದು: ರಿಪಾಸಿಟರಿಯನ್ನ ಮುಟ್ಟಬೇಡಿ. `git clone --mirror` ಮಾಡಿ ಒಂದು ಪ್ರತಿ ಎತ್ತಿಡಿ. ಚೆಂದ ಮಾಡೋಣ ಅಂತ ಇತಿಹಾಸ ಒಟ್ಟುಗೂಡಿಸಿದರೆ, ಹೆಸರು ಬದಲಿಸಿದರೆ, ಇರೋ ಸಾಕ್ಷಿಯೂ ಹೋಗುತ್ತೆ.

ಸುಮಾ_ಜಿ

ಲ್ಯಾಬ್ ಗುಂಪಿಗೆ ಹೋದ ಮೇಲ್ ಗಿಟ್‌ಗಿಂತ ಗಟ್ಟಿ ಅಲ್ವಾ? ಅದು ಇನ್ನೊಬ್ಬರ ಇನ್‌ಬಾಕ್ಸ್‌ನಲ್ಲಿದೆ.

ಕಮಿಟ್_ಕಾವಲು

@ಸುಮಾ_ಜಿ ಹೌದು. ಆದರೆ ಸ್ಕ್ರೀನ್‌ಶಾಟ್ ಬೇಡ. ಪಡೆದವರ ಪೆಟ್ಟಿಗೆಯಿಂದ ಮೇಲ್‌ನ ಮೂಲರೂಪವನ್ನ `.eml` ಆಗಿ ಇಳಿಸಿಕೊಳ್ಳಿ, ಅಟ್ಯಾಚ್‌ಮೆಂಟ್ ಸಮೇತ. ಅದರಲ್ಲಿ `Received` ಸಾಲುಗಳು ಇರುತ್ತವೆ, ದಾರಿಯಲ್ಲಿ ಸಿಕ್ಕ ಪ್ರತಿ ಸರ್ವರ್ ತನ್ನ ಹೊತ್ತು ಬರೆದಿರುತ್ತೆ. `DKIM-Signature` ಇದ್ದರೆ ಕಳಿಸಿದ ಸರ್ವರ್ ಒಳಗಿನ ವಿಷಯಕ್ಕೂ ಸಹಿ ಹಾಕಿದೆ ಅಂತ. ಒಂದು ಮಿತಿ: ಸರ್ವರ್‌ನವರು ಆ ಕೀಲಿಯನ್ನ ಆಗಾಗ ಬದಲಿಸ್ತಾರೆ, ಹಳೇ ಕೀಲಿ ತೆಗೆದುಹಾಕಿದ ಮೇಲೆ ಪರೀಕ್ಷೆ ಮಾಡೋಕೆ ಬರಲ್ಲ. ಈಗ ಪರೀಕ್ಷೆ ಪಾಸಾಗುತ್ತಾ ನೋಡಿ, ಆಗಿದ್ದರೆ ಫಲಿತಾಂಶ ಎತ್ತಿಡಿ.

ಇಷ್ಟಾದರೂ ಇವರ ಮೂರರಲ್ಲಿ ನನ್ನ ಪ್ರಕಾರ ಮೊದಲ ಸ್ಥಾನ ಆ ಆಯ್ಕೆಯಾಗದ ಸಾರಾಂಶಕ್ಕೆ. ಸಬ್ಮಿಶನ್ ವ್ಯವಸ್ಥೆ ನಿಮ್ಮದಲ್ಲ, ತಾರೀಖು ಅದು ಹಾಕಿದ್ದು, ಪಿಡಿಎಫ್ ಅದರ ಹತ್ತಿರವೇ ಇದೆ. ಸಬ್ಮಿಟ್ ಆದ ಕೂಡಲೇ ಬಂದ ದೃಢೀಕರಣ ಮೇಲ್, ಸಬ್ಮಿಶನ್ ನಂಬರ್, ಅಲ್ಲಿಂದಲೇ ಮತ್ತೆ ಇಳಿಸಿಕೊಂಡ ಪಿಡಿಎಫ್, ಮೂರನ್ನೂ ಜೋಡಿಸಿ ಇಡಿ. ವರ್ಕ್‌ಶಾಪ್ ಮುಗಿದ ಮೇಲೆ ಆ ಸೈಟ್ ಮುಚ್ಚಿಬಿಡಬಹುದು.

ನೇರನುಡಿ

ಆಯ್ಕೆಯಾಗದ ಪೇಪರ್ ಸಾಕ್ಷಿ ಆಗುತ್ತೆ ಅಂದ್ರೆ ನಗ್ತಾರೆ ಜನ.

ಹಳೇ_ಸಂಪಾದಕ

ಯಾರೂ ನಗಲ್ಲ. ಸಂಪಾದಕರಿಗೆ ಬೇಕಾದ್ದು ಡಿಸೆಂಬರ್‌ನಲ್ಲಿ ಆ ಎರಡು ಪುಟದೊಳಗೆ ಈ ಸಮೀಕರಣ ಇತ್ತಾ ಅನ್ನೋದು. ಗುಣಮಟ್ಟದ ತೀರ್ಪು ಬೇರೆ ಕಡತ.

ಆದ್ದರಿಂದ @ನೋಡ್_ಪಯಣಿಗ, ಒಂದು ಸಲ ತೆರೆದು ನೋಡಿ: α_u = c/d(u) ಅಕ್ಷರಶಃ ಅದರಲ್ಲಿದೆಯಾ? "ಡಿಗ್ರಿ ಆಧರಿಸಿದ ರೀಸ್ಟಾರ್ಟ್ ಪರಿಶೀಲಿಸುತ್ತೇವೆ" ಅನ್ನೋ ಥರದ ಆಶಯದ ಮಾತಿದ್ದರೆ ಅದರಿಂದ ಸೂತ್ರ ನಿಮ್ಮ ಬಳಿ ಇತ್ತು ಅಂತ ಹೇಳೋಕಾಗಲ್ಲ. ಕಮಿಟ್ ಕೂಡ ಹಾಗೇ. ಕೋಡ್‌ನಲ್ಲಿ ಆ ಸಾಲು ಬಂದ ಕಮಿಟ್ ಬೇಕು, ಪ್ರಾಜೆಕ್ಟ್ ಶುರುವಾದ ಕಮಿಟ್ ಅಲ್ಲ.

ನೋಡ್_ಪಯಣಿಗ

ನೋಡಿದೆ. ಸಾರಾಂಶದಲ್ಲಿ ಸೂತ್ರ ಇದೆ, ಪುಶ್ ನಿಯಮವೂ ಇದೆ. ಪುಶ್ ಸಂಖ್ಯೆಯ ಮಿತಿ ಇಲ್ಲ, ಅದು ಫೆಬ್ರವರಿಯ ಕಮಿಟ್‌ನಲ್ಲಿ ಟಿಪ್ಪಣಿ ಫೈಲ್‌ನಲ್ಲಿ ಬಂದಿದೆ. ರೀಬೇಸ್ ಆಗಿಲ್ಲ, ಎರಡು ತಾರೀಖೂ ಒಂದೇ.

ಪುಶ್_ಪದ್ಮಾ

ತಾರೀಖಿನ ಮಾತು ಸಾಕಷ್ಟಾಯ್ತು, ಪೇಪರ್ ಒಳಗೆ ಏನಿದೆ ಅಂತ ನೋಡೋಣ. "ಐಡಿಯಾ" ಅಂತ ಒಂದೇ ಗಂಟಾಗಿ ಹಿಡಿದುಕೊಂಡರೆ ಮೊದಲು ಯಾರು ಅನ್ನೋ ಪ್ರಶ್ನೆ ಬಗೆಹರಿಯಲ್ಲ. ಬಿಡಿಸಿ ನೋಡಿದರೆ ಇದರಲ್ಲಿ ಮೂರು ಇವೆ.

ಒಂದು, ರೀಸ್ಟಾರ್ಟ್ ಸಂಭಾವ್ಯತೆ ನೋಡ್‌ನಿಂದ ನೋಡ್‌ಗೆ ಬದಲಾಗೋದು. ಇದು ನಿಮ್ಮದೂ ಅಲ್ಲ, ಅವರದೂ ಅಲ್ಲ. ಅವ್ರಾಚೆಂಕೋವ್, ವ್ಯಾನ್ ಡೆರ್ ಹಾಫ್‌ಸ್ಟಾಡ್, ಸೊಕೋಲ್ 2014ರಲ್ಲೇ ನೋಡ್‌ಗೊಂದು ರೀಸ್ಟಾರ್ಟ್ ಇಟ್ಟು ಪರ್ಸನಲೈಸ್ಡ್ ಪೇಜ್‌ರ್ಯಾಂಕ್ ಬಗ್ಗೆ ಬರೆದಿದ್ದಾರೆ. ನೀವಿಬ್ಬರೂ ಅದನ್ನ ಉಲ್ಲೇಖಿಸಿದ್ದೀರಾ?

ಎರಡು, ಅದಕ್ಕೆ ಪುಶ್ ಅಲ್ಗಾರಿದಂ ಹೊಂದಿಸೋದು. ಇದೇ ನಿಮ್ಮಿಬ್ಬರಿಗೂ ಸೇರಿದ ಭಾಗ.

ಮೂರು, ಪುಶ್ ಎಷ್ಟು ಸಲ ಅನ್ನೋ ಮಿತಿ. ನಿಮ್ಮದು ಏನು, ಅವರದು ಏನು, ಇಲ್ಲಿ ಬರೀರಿ.

ನೋಡ್_ಪಯಣಿಗ

2014ರದು ನಮ್ಮಲ್ಲಿ ಇರಲಿಲ್ಲ, ಸೇರಿಸ್ತೀನಿ. ಅವರ ಪಟ್ಟಿಯಲ್ಲೂ ಇಲ್ಲ. ಮಿತಿ ಹೀಗಿದೆ. ಅವರು 2006ರ 1/(εα) ಅನ್ನೋ ಮಿತಿಯಲ್ಲಿ α ಜಾಗಕ್ಕೆ ಅತಿ ಚಿಕ್ಕ α ಹಾಕಿದ್ದಾರೆ. c/d(u) ನಿಯಮಕ್ಕೆ ಅದು d_max/(εc) ಆಗುತ್ತೆ. ನಮ್ಮದರಲ್ಲಿ d_max ಇಲ್ಲ: ಒಟ್ಟು ಪುಶ್‌ಗಳ ಸಂಖ್ಯೆ 1/(εc) ಮೀರಲ್ಲ.

ಪುಶ್_ಪದ್ಮಾ

ಸರಿ ಇದೆ, ಯಾಕೆ ಅಂತಲೂ ಕಾಣುತ್ತೆ. u ನಲ್ಲಿ ಪುಶ್ ಮಾಡಬೇಕಾದರೆ ಅಲ್ಲಿ ಉಳಿಕೆ ಕನಿಷ್ಠ ε·d(u) ಇರಬೇಕು. ಪ್ರತಿ ಪುಶ್‌ಗೂ ಅದರ α_u ಭಾಗ ಉಳಿಕೆಯಿಂದ ಖಾಯಂ ಆಗಿ ಹೊರಹೋಗುತ್ತೆ. ಒಟ್ಟು ಉಳಿಕೆ ಶುರುವಿನಲ್ಲಿ 1. ಹಾಗಾಗಿ ಎಲ್ಲ ಪುಶ್‌ಗಳ ಮೇಲೆ α_u·d(u) ಕೂಡಿದರೆ 1/ε ದಾಟಲ್ಲ. α_u = c/d(u) ಆದಾಗ ಆ ಗುಣಲಬ್ಧ ಎಲ್ಲ ಕಡೆ c. ಅಲ್ಲಿಗೆ ಮುಗೀತು.

ಈಗ ನನ್ನ ಪ್ರಶ್ನೆ. d_max ಬರೋಕೆ ಮುಂಚೆ ಅವರೂ ಇದೇ ದಾರಿಯಲ್ಲಿ ಹೋಗಿರಬೇಕು. ಅವರ ಅನುಬಂಧದಲ್ಲಿ ಸಾಧನೆಯ ಕೊನೆಯ ಸಾಲಿಗೆ ಹಿಂದಿನ ಸಾಲು ನೋಡಿ. Σ α_u d(u) ≤ 1/ε ಅಂತ ಇದೆಯಾ?

ನೋಡ್_ಪಯಣಿಗ

ಇದೆ. ಎರಡನೇ ಆವೃತ್ತಿಯ ಅನುಬಂಧದಲ್ಲಿ ಅದೇ ಸಾಲು, ಅದರ ಕೆಳಗೆ α_u ಬದಲು α_min ಹಾಕಿ ಮುಗಿಸಿದ್ದಾರೆ.

ಪುಶ್_ಪದ್ಮಾ

ಹಾಗಾದರೆ "ಈ ಮಿತಿ ನಮ್ಮದು ಮಾತ್ರ" ಅಂತ ಬರೀಬೇಡಿ. ಅಸಮಾನತೆ ಅವರಲ್ಲೂ ಇದೆ, ಅದರಿಂದ d_max ಇಲ್ಲದ ಫಲ ತೆಗೆದಿದ್ದು ನೀವು. ಅಷ್ಟನ್ನೇ ಬರೆದರೆ ಯಾರೂ ಬೆರಳು ಇಡೋಕಾಗಲ್ಲ. ಅವರ ಮೊದಲ ಆವೃತ್ತಿಯಲ್ಲೂ ಆ ಅನುಬಂಧ ಇತ್ತಾ?

ನೋಡ್_ಪಯಣಿಗ

ಇಲ್ಲ. ಮೊದಲ ಆವೃತ್ತಿಯಲ್ಲಿ ಸಾಧನೆ ಇಲ್ಲ, ಪ್ರಯೋಗ ಮಾತ್ರ. ಅನುಬಂಧ ಬಂದಿದ್ದು ಏಪ್ರಿಲ್‌ನ ಎರಡನೇ ಆವೃತ್ತಿಯಲ್ಲಿ.

ನೇರನುಡಿ

ಏಪ್ರಿಲ್! ನಿಮ್ಮ ಫೆಬ್ರವರಿ ಟಿಪ್ಪಣಿಗಿಂತ ಆಮೇಲೆ. ಇದನ್ನಾದರೂ ಎತ್ತಿ ತೋರಿಸಿ.

ಹಳೇ_ಸಂಪಾದಕ

@ನೇರನುಡಿ ಮತ್ತೆ ಅದೇ ತಪ್ಪು ಹೋಲಿಕೆ, ಖಾಸಗಿ ಫೆಬ್ರವರಿಗೆ ಸಾರ್ವಜನಿಕ ಏಪ್ರಿಲ್.

ಆದರೆ ಆವೃತ್ತಿ ವಿಷಯ ಎತ್ತಿದ್ದು ಒಳ್ಳೇದಾಯ್ತು. ಆರ್ಕೈವ್‌ನಲ್ಲಿ ಹಳೇ ಆವೃತ್ತಿಗಳೆಲ್ಲ ಉಳಿದಿರುತ್ತವೆ, ವಿಳಾಸದ ಕೊನೆಗೆ `v1`, `v2` ಸೇರಿಸಿದರೆ ಒಂದೊಂದೂ ತೆರೆಯುತ್ತೆ, ಕೆಳಗೆ ತಾರೀಖು ಯುಟಿಸಿ ಸಮಯದಲ್ಲಿ ಇರುತ್ತೆ. ಉಲ್ಲೇಖಿಸುವಾಗ ರೀಸ್ಟಾರ್ಟ್ ನಿಯಮಕ್ಕೆ ಮೊದಲ ಆವೃತ್ತಿ, ಮಿತಿಗೆ ಎರಡನೆಯದು ಅಂತ ಬೇರೆ ಬೇರೆ ಕೊಡಿ. ಅದು ಅವರಿಗೂ ನ್ಯಾಯ. "ಆಮೇಲೆ ಸೇರಿಸಿದ್ದಾರೆ" ಅನ್ನೋ ಮಾತು ಬೇಡ. ಆವೃತ್ತಿ ಸಂಖ್ಯೆ ಕೊಟ್ಟರೆ ಬೇಕಾದವರು ತಾವೇ ನೋಡಿಕೊಳ್ತಾರೆ.

ಬೆಳಕಿನ_ಬೆನ್ನು

ನನ್ನದು ಇದರ ಉಲ್ಟಾ ಕೇಸ್, ರಸಾಯನಶಾಸ್ತ್ರದ್ದು. ನಾವು ಮೊದಲು ಪ್ರಕಟಿಸಿದ್ವಿ, ಬೇರೆ ಗುಂಪಿನವರು ತಮ್ಮ ಹಳೇ ನೋಟ್‌ಬುಕ್ ಪುಟಗಳ ಫೋಟೋ ಕಂತೆಯನ್ನೇ ಮೇಲ್‌ನಲ್ಲಿ ಕಳಿಸಿ "ದಯವಿಟ್ಟು ಗಮನಿಸಿ" ಅಂತ ಬರೆದರು. ಆರೋಪ ಒಂದೂ ಇರಲಿಲ್ಲ. ಆದರೂ ಅಷ್ಟು ಸಾಕ್ಷಿ ಒಟ್ಟಿಗೆ ಬಂದರೆ ಓದುವವರಿಗೆ ವಿಚಾರಣೆ ಥರ ಅನಿಸುತ್ತೆ. ನಮ್ಮ ಸಂಸ್ಥೆಯವರು ವಕೀಲರ ಹತ್ತಿರ ಕೇಳಿದ ಮೇಲೇ ಉತ್ತರ ಕೊಡಿ ಅಂದರು. ಎರಡು ಸಾಲಿನ ಮೇಲ್ ಆಗಿದ್ದರೆ ಅವತ್ತೇ ಉತ್ತರ ಹೋಗ್ತಿತ್ತು.

ಸುಮಾ_ಜಿ

ಹಾಗಾದರೆ ಆ ಲೇಖಕರಿಗೆ ಮೇಲ್ ಬರೀಬೇಕಾ, ಬೇಡ್ವಾ?

ಹಳೇ_ಸಂಪಾದಕ

ಬರೀಬೇಕು, ಸಾಕ್ಷಿ ಇಲ್ಲದೆ. ಕ್ರಮ ಮುಖ್ಯ: ಮೊದಲು ನಿಮ್ಮ ಪ್ರಿಪ್ರಿಂಟ್ ಹಾಕಿ, ಅದರಲ್ಲಿ ಅವರ ಉಲ್ಲೇಖ ಇರಲಿ, ಅದು ಕಾಣಿಸಿಕೊಂಡ ದಿನ ಲಿಂಕ್ ಸಮೇತ ಬರೀರಿ. "ನಿಮ್ಮ ಕೆಲಸ ಈಚೆಗೆ ನೋಡಿದೆವು, ನಾವೂ ಸ್ವತಂತ್ರವಾಗಿ ಇದೇ ನಿಯಮಕ್ಕೆ ಬಂದಿದ್ದೇವೆ, ಸಂಬಂಧವನ್ನು ಎರಡನೇ ವಿಭಾಗದಲ್ಲಿ ವಿವರಿಸಿದ್ದೇವೆ, ನಿಮ್ಮ ಕೆಲಸವನ್ನು ತಪ್ಪಾಗಿ ಹೇಳಿದ್ದರೆ ತಿಳಿಸಿ." ಸಾಕು. "ನಿಮಗೆ ಈ ಯೋಚನೆ ಯಾವಾಗ ಬಂತು" ಅಂತ ಕೇಳಬೇಡಿ, ಅದು ಎಷ್ಟೇ ಮೆದುವಾಗಿ ಕೇಳಿದರೂ ಪಾಟೀ ಸವಾಲೇ.

ಪುಶ್_ಪದ್ಮಾ

ನಾನು ಕ್ರಮ ಒಪ್ಪಲ್ಲ. ಪ್ರಿಪ್ರಿಂಟ್ ಹಾಕುವ ಮುಂಚೆಯೇ ಡ್ರಾಫ್ಟ್ ಕಳಿಸಿದರೆ, ಅವರ ಬಗ್ಗೆ ಬರೆದ ಪ್ಯಾರಾ ತಪ್ಪಿದ್ದರೆ ಸಾರ್ವಜನಿಕ ಆಗೋ ಮೊದಲೇ ತಿದ್ದಬಹುದು. 2014ರ ಪೇಪರ್ ಅವರಿಗೂ ಗೊತ್ತಿಲ್ಲ, ಅದನ್ನೂ ತಿಳಿಸಿದ ಹಾಗಾಗುತ್ತೆ. ಮರ್ಯಾದೆ ಅದು.

ಹಳೇ_ಸಂಪಾದಕ

ಮರ್ಯಾದೆ ನಿಜ. ಆದರೆ ನಿಮ್ಮ ಡ್ರಾಫ್ಟ್ ತಲುಪಿದ ಮೇಲೆ ಅವರು ಮೂರನೇ ಆವೃತ್ತಿ ಹಾಕಿ, ಅದರಲ್ಲಿ d_max ಇಲ್ಲದ ಮಿತಿ ಬಂತು ಅಂದುಕೊಳ್ಳಿ. ಸಾಲು ಅವರ ಹತ್ತಿರ ಇದ್ದೇ ಇದೆ, ನಾಳೆ ತಾವೇ ಕಂಡುಕೊಳ್ಳಬಹುದು. ಆಗ ಅವರು ಪ್ರಾಮಾಣಿಕರಾಗಿದ್ದರೂ ಇಬ್ಬರ ಮನಸ್ಸಲ್ಲೂ ಹುಳ. ಮೊದಲು ಪ್ರಿಪ್ರಿಂಟ್ ಹಾಕಿದರೆ ಆ ಸಂದರ್ಭವೇ ಬರಲ್ಲ. ತಪ್ಪು ಇದ್ದರೆ ನೀವೂ ಎರಡನೇ ಆವೃತ್ತಿ ಹಾಕಿ.

ಪುಶ್_ಪದ್ಮಾ

ಚಿಕ್ಕ ಕ್ಷೇತ್ರ ಇದು, ಮುಂದೆ ಅವರೇ ರಿವ್ಯೂವರ್ ಆಗಬಹುದು. ನಾನಾದರೆ ಮೊದಲು ಬರೀತೀನಿ. ಇಲ್ಲಿ ಒಮ್ಮತ ಆಗಲ್ಲ ಬಿಡಿ.

ಇತಿಹಾಸಪ್ರಿಯ

ಸ್ವಲ್ಪ ಬೇರೆ ಮಾತು, ಆದರೆ ಸಂಬಂಧ ಇದೆ. 1858ರ ಜುಲೈ 1ರಂದು ಡಾರ್ವಿನ್ ಮತ್ತು ವಾಲೇಸ್ ಬರಹಗಳನ್ನ ಲಿನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಿದಾಗ ಡಾರ್ವಿನ್ ಕಡೆಯಿಂದ ಇಟ್ಟಿದ್ದು ಎರಡು: 1844ರ ಪ್ರಬಂಧದ ಭಾಗ, 1857ರಲ್ಲಿ ಅಮೆರಿಕದ ಏಸಾ ಗ್ರೇಗೆ ಬರೆದ ಪತ್ರದ ಭಾಗ. ಮೊದಲನೆಯದನ್ನ ಹೂಕರ್ ವರ್ಷಗಳ ಹಿಂದೆಯೇ ಓದಿದ್ದರು, ಎರಡನೆಯದು ಸಮುದ್ರದಾಚೆ ಇನ್ನೊಬ್ಬರ ಕೈಲಿತ್ತು. ನಿಮ್ಮ ಡಿಸೆಂಬರ್ ಸಾರಾಂಶದ ಕೆಲಸವೂ ಅದೇ. ವಾಲೇಸ್ ಬಗ್ಗೆ ಅದರಲ್ಲಿ ಒಂದು ಕೆಟ್ಟ ಮಾತಿಲ್ಲ.

ಆಮೇಲೆ ಪ್ಯಾಟ್ರಿಕ್ ಮ್ಯಾಥ್ಯೂ ಅನ್ನೋರು 1831ರಲ್ಲೇ ಹಡಗಿನ ಮರದ ಕುರಿತ ಪುಸ್ತಕದ ಅನುಬಂಧದಲ್ಲಿ ಇದನ್ನೇ ಹೇಳಿದ್ದೆ ಅಂತ 1860ರಲ್ಲಿ ಬರೆದರು. ಡಾರ್ವಿನ್ ಅದೇ ಪತ್ರಿಕೆಯಲ್ಲಿ ಹೌದು, ಅವರು ಮೊದಲೇ ಹೇಳಿದ್ದಾರೆ, ನನಗೆ ಗೊತ್ತಿರಲಿಲ್ಲ ಅಂತ ಒಪ್ಪಿಕೊಂಡರು. ನಿಮಗೆ 2014ರ ಪೇಪರ್ ಸಿಕ್ಕ ಹಾಗೆ.

ಸುಮಾ_ಜಿ

ರಾಮನ್ ಪರಿಣಾಮದಲ್ಲೂ ಹೀಗೇ ಅಲ್ವಾ? ರಷ್ಯಾದವರು ಮೊದಲು ನೋಡಿದ್ದು ಅಂತಾರೆ.

ಇತಿಹಾಸಪ್ರಿಯ

ಲ್ಯಾಂಡ್ಸ್‌ಬರ್ಗ್, ಮ್ಯಾಂಡೆಲ್‌ಸ್ಟಾಮ್ ಮಾಸ್ಕೋದಲ್ಲಿ 1928ರ ಫೆಬ್ರವರಿ 21ಕ್ಕೆ ಸ್ಫಟಿಕದಲ್ಲಿ ಕಂಡರು ಅನ್ನೋದು ಅವರ ಕಡೆಯ ದಾಖಲೆ, ರಾಮನ್ ಅವರದು ಫೆಬ್ರವರಿ 28. ಆದರೆ ರಾಮನ್ ಟಿಪ್ಪಣಿ ಮಾರ್ಚ್ 31ಕ್ಕೇ 'ನೇಚರ್'ನಲ್ಲಿ ಬಂತು, ಅವರದು ಜುಲೈನಲ್ಲಿ. ಇಲ್ಲೂ ತೂಕ ಬಿದ್ದಿದ್ದು ಪ್ರಕಟಣೆಯ ದಿನಕ್ಕೆ.

ಮೊಹರು

ಪೇಟೆಂಟ್‌ನಲ್ಲಾದರೆ ಲ್ಯಾಬ್ ನೋಟ್‌ಬುಕ್ ತೋರಿಸಿದರೆ ಗೆಲ್ಲಬಹುದು ಅಲ್ವಾ?

ಕಮಿಟ್_ಕಾವಲು

ಅಮೆರಿಕದಲ್ಲಿ ಹಿಂದೆ ಹಾಗಿತ್ತು. 2013ರ ಮಾರ್ಚ್ 16ರಿಂದ ಅಲ್ಲೂ ಮೊದಲು ಅರ್ಜಿ ಹಾಕಿದವರಿಗೇ. ಇವರು ಪೇಟೆಂಟ್ ಕೇಳ್ತಿಲ್ಲ, ಆ ಮಾತು ಇಲ್ಲಿಗೆ ಬಿಡೋಣ.

ರಿವ್ಯೂ_ರಾತ್ರಿ

ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಇದು ಲೇಖಕರ ಹೆಸರು ಮುಚ್ಚಿ ನಡೆಯೋ ರಿವ್ಯೂ ಆಗಿದ್ದರೆ, ರಿಪಾಸಿಟರಿ ಲಿಂಕ್ ಹಾಕಿದ ಕೂಡಲೇ ಹೆಸರು ಬಯಲು, ಪೇಪರ್ ಓದದೆಯೇ ತಿರಸ್ಕಾರ ಆಗಬಹುದು. ವರ್ಕ್‌ಶಾಪ್ ಹೆಸರು, ಸಬ್ಮಿಶನ್ ನಂಬರ್ ಕೂಡ ಪೇಪರ್ ಒಳಗೆ ಬೇಡ. ಪೇಪರ್‌ನಲ್ಲಿ "ಸಮಕಾಲೀನ ಕೆಲಸ" ಅನ್ನೋ ಪ್ಯಾರಾ ಮಾತ್ರ. ದಾಖಲೆಯ ಮಾತು ಸಂಪಾದಕರಿಗೋ ಸಮ್ಮೇಳನದ ಅಧ್ಯಕ್ಷರಿಗೋ ಕಳಿಸೋ ಗೋಪ್ಯ ಟಿಪ್ಪಣಿಯಲ್ಲಿ: "ರೀಸ್ಟಾರ್ಟ್ ನಿಯಮ ಡಿಸೆಂಬರ್‌ನ ಒಂದು ಸಬ್ಮಿಶನ್‌ನಲ್ಲಿದೆ, ಕೇಳಿದರೆ ಕೊಡುತ್ತೇವೆ." ಕೇಳೋವರೆಗೂ ಕಳಿಸಬೇಡಿ. ಪ್ರಿಪ್ರಿಂಟ್ ಹಾಕೋಕೆ ಆ ಸಮ್ಮೇಳನ ಬಿಡುತ್ತಾ ಅನ್ನೋದನ್ನೂ ನೋಡಿಕೊಳ್ಳಿ, ಕೆಲವು ಕಡೆ ಸಬ್ಮಿಶನ್ ಸುತ್ತಮುತ್ತ ನಿರ್ಬಂಧ ಇರುತ್ತೆ.

ಇನ್ನೊಂದು, ಸಮಕಾಲೀನ ಅಂತ ಎಷ್ಟು ದಿನದವರೆಗೆ ಪರಿಗಣಿಸ್ತಾರೆ ಅನ್ನೋದು ಒಂದೊಂದು ಕಡೆ ಒಂದೊಂದು ಥರ, ವರ್ಷದಿಂದ ವರ್ಷಕ್ಕೂ ಬದಲಾಗುತ್ತೆ. ಮಾರ್ಚ್‌ನಿಂದ ಜೂನ್ ಕೊನೆ ಅಂದ್ರೆ ಮೂರು ತಿಂಗಳ ಮೇಲೆ. ಎರಡೇ ತಿಂಗಳ ಗಡುವು ಇಟ್ಟಿರೋ ಕಡೆ ನೀವು ಹೊರಗೆ ಬೀಳ್ತೀರಿ, ಆ ಪ್ರಿಪ್ರಿಂಟ್ ಜೊತೆ ಪ್ರಯೋಗದಲ್ಲೂ ಹೋಲಿಸಿ ತೋರಿಸಬೇಕಾಗುತ್ತೆ. ಪ್ಲಾಸ್ ಬಯಾಲಜಿ 2018ರಲ್ಲಿ ಹೇಳಿದ್ದು ಆರು ತಿಂಗಳು: ಅಂಥದೇ ಪೇಪರ್ ಬೇರೆ ಕಡೆ ಬಂದ ಆರು ತಿಂಗಳೊಳಗೆ ಸಬ್ಮಿಟ್ ಮಾಡಿದರೆ ಹೊಸತನ ಇಲ್ಲ ಅಂತ ತಳ್ಳಲ್ಲ. ಅದು ಜೀವಶಾಸ್ತ್ರದ ಪತ್ರಿಕೆ, ನಿಮಗೆ ಅನ್ವಯ ಆಗಲ್ಲ. ನಿಮ್ಮ ಸಮ್ಮೇಳನದ ಈ ವರ್ಷದ ರಿವ್ಯೂವರ್ ಸೂಚನೆ ತೆಗೆದು ನೋಡಿ.

ನೋಡ್_ಪಯಣಿಗ

ನೋಡಿದೆ. ಇಲ್ಲಿ ಗಡುವು ಎರಡು ತಿಂಗಳು. ಪ್ರಿಪ್ರಿಂಟ್‌ಗೆ ಅಡ್ಡಿ ಇಲ್ಲ. ಹಾಗಾಗಿ ಅವರ α_min ರೂಪವನ್ನೂ ಪ್ರಯೋಗದ ಕೋಷ್ಟಕದಲ್ಲಿ ಒಂದು ಸಾಲಾಗಿ ಸೇರಿಸ್ತಿದ್ದೀನಿ. ಪ್ಯಾರಾ ಹೀಗೆ ಬರೆದಿದ್ದೀನಿ:

"ನೋಡ್‌ಗೆ ತಕ್ಕ ರೀಸ್ಟಾರ್ಟ್ ಅನ್ನು ಅವ್ರಾಚೆಂಕೋವ್ ಮತ್ತು ಸಂಗಡಿಗರು 2014ರಲ್ಲಿ ಪರಿಶೀಲಿಸಿದ್ದಾರೆ. c/d(u) ನಿಯಮಕ್ಕೆ ಪುಶ್ ಅಲ್ಗಾರಿದಂ ಅನ್ನು ಮೊದಲು ಪ್ರಕಟಿಸಿದವರು [ಪ್ರಿಪ್ರಿಂಟ್, ಆವೃತ್ತಿ 1]. ನಾವು ಸ್ವತಂತ್ರವಾಗಿ ಅದೇ ನಿಯಮಕ್ಕೆ ಬಂದಿದ್ದೇವೆ. Σ α_u d(u) ≤ 1/ε ಎಂಬ ಅಸಮಾನತೆ ಅವರ ಸಾಧನೆಯಲ್ಲಿಯೂ [ಆವೃತ್ತಿ 2, ಅನುಬಂಧ] ಇದೆ. ಅದರಿಂದ ಗರಿಷ್ಠ ಡಿಗ್ರಿಯನ್ನು ಅವಲಂಬಿಸದ ಮಿತಿಯನ್ನು ಪಡೆಯುವುದು ಈ ಪೇಪರ್‌ನ ಕೊಡುಗೆ."

ಪುಶ್_ಪದ್ಮಾ

ಚೆನ್ನಾಗಿದೆ. ಒಂದು ತಿದ್ದುಪಡಿ: ನಿಮ್ಮ ಮಿತಿ ಪುಶ್‌ಗಳ ಸಂಖ್ಯೆಗೆ. ಒಂದು ಪುಶ್‌ನ ಕೆಲಸ d(u)ನಷ್ಟು, ಹಾಗಾಗಿ ಒಟ್ಟು ಸಮಯದಲ್ಲಿ d_max ಮತ್ತೆ ನುಸುಳಬಹುದು. "ಪುಶ್‌ಗಳ ಸಂಖ್ಯೆಯ ಮಿತಿ" ಅಂತ ಸ್ಪಷ್ಟವಾಗಿ ಹೇಳಿ. ಇಲ್ಲದಿದ್ದರೆ ಅವರಿಗಿಂತ ದೊಡ್ಡದೇನೋ ಸಾಧಿಸಿದ್ದೀವಿ ಅಂದ ಹಾಗಾಗುತ್ತೆ, ಜಗಳ ಶುರುವಾಗೋದು ಅಲ್ಲಿಂದಲೇ.

ರಿವ್ಯೂ_ರಾತ್ರಿ

ನಾನು ರಿವ್ಯೂವರ್ ಆಗಿದ್ದರೆ ಇನ್ನೊಂದು ಕೇಳ್ತೀನಿ: ಇದ್ದ ಒಂದು ಸಾಲಿನಿಂದ ಬರೋ ಫಲ ಒಂದು ಪೇಪರ್‌ಗೆ ಸಾಕಾ? ಸ್ವತಂತ್ರವಾಗಿ ಕಂಡುಕೊಂಡಿದ್ದೀರಿ ಅಂತ ನಂಬಿದರೂ ಈ ಪ್ರಶ್ನೆ ಹೋಗಲ್ಲ.

ನೋಡ್_ಪಯಣಿಗ

ಅದು ನಮಗೂ ಇದೆ. ಬೇರೆ ಘಾತಗಳಿಗೆ, α_u = c/d(u)^β ಅಂತ ಇಟ್ಟರೆ ಏನಾಗುತ್ತೆ ಅಂತ ಗೈಡ್ ನೋಡ್ತಿದ್ದಾರೆ. ಗೈಡ್ ತಮ್ಮ "ಆರು ತಿಂಗಳು" ವಾಕ್ಯ ತೆಗೆಯೋಕೆ ಒಪ್ಪಿದ್ದಾರೆ, ಆದರೆ ಪೇಪರ್ ಆಯ್ಕೆಯಾದ ಮೇಲೆ ಅಡಿಟಿಪ್ಪಣಿಯಲ್ಲಿ ಡಿಸೆಂಬರ್ ತಾರೀಖು ಬೇಕು ಅಂತಾರೆ.

ಹಳೇ_ಸಂಪಾದಕ

ಅಡಿಟಿಪ್ಪಣಿಗೆ ಪೂರ್ತಿ ವಿರೋಧ ಇಲ್ಲ, ಆದರೆ ನಿಮ್ಮ ತಾರೀಖು ಒಂದೇ ಇರಲಿ, ಅದರ ಪಕ್ಕದಲ್ಲೇ ಅವರದು ಇಡಬೇಡಿ. "ಈ ನಿಯಮದ ಆರಂಭಿಕ ರೂಪ ಡಿಸೆಂಬರ್‌ನ ವರ್ಕ್‌ಶಾಪ್ ಸಬ್ಮಿಶನ್‌ನಲ್ಲಿತ್ತು" ಅಂತ ನಿಲ್ಲಿಸಿ.

ಪುಶ್_ಪದ್ಮಾ

ನನಗೆ ಅದೂ ಬೇಡ ಅನಿಸುತ್ತೆ. ಆ ಸಾರಾಂಶ ಯಾರಿಗೂ ತೆರೆದು ನೋಡೋಕೆ ಸಿಗಲ್ಲ, ನೋಡೋಕೆ ಸಿಗದ್ದನ್ನ ಪೇಪರ್‌ನಲ್ಲಿ ಸಾಕ್ಷಿ ಮಾಡಬಾರದು. ಹಾಕಲೇಬೇಕು ಅಂದರೆ ಆ ಎರಡು ಪುಟವನ್ನ ಇದ್ದ ಹಾಗೇ, ಒಂದಕ್ಷರ ತಿದ್ದದೆ, ಪ್ರಿಪ್ರಿಂಟ್‌ನ ಪೂರಕ ಫೈಲ್ ಆಗಿ ಸೇರಿಸಿ. ಅದಕ್ಕೆ ಮುಂಚೆ ಎಲ್ಲ ಸಹಲೇಖಕರ ಒಪ್ಪಿಗೆ ಕೇಳಿ, ಡಿಸೆಂಬರ್‌ನಲ್ಲಿ ಹೆಸರಿದ್ದವರು ಈಗಿನ ಪಟ್ಟಿಯಲ್ಲಿ ಇಲ್ಲದಿದ್ದರೆ ಅವರನ್ನೂ ಸೇರಿಸಿ.

ನೋಡ್_ಪಯಣಿಗ

ಒಬ್ಬರು ಇದ್ದಾರೆ, ಈಗ ಬೇರೆ ಲ್ಯಾಬ್‌ನಲ್ಲಿ. ಪುಶ್ ನಿಯಮದ ಮೊದಲ ಕೋಡ್ ಅವರೇ ಬರೆದಿದ್ದು. ಇವತ್ತು ಅವರಿಗೆ ಫೋನ್ ಮಾಡ್ತೀನಿ, ಲೇಖಕರ ಪಟ್ಟಿ ಸರಿಪಡಿಸೋದೇ ಮೊದಲ ಕೆಲಸ ಅನಿಸುತ್ತಿದೆ.